18 ಲಕ್ಷ ಲಾಭ, ಆದರೂ ಖಾತೆಯಲ್ಲಿ ದುಡ್ಡಿಲ್ಲ

ಲೆಕ್ಕಪರಿಶೋಧಕರ ಕಚೇರಿಗಳಿಗೆ ಈಗ ಕಡತಕ್ಕಿಂತ ಮೊದಲು ಫೋಟೋ ಬರುತ್ತದೆ. ಸಾಲದ ಮಿತಿ ಏರಿಸುವ ಮುನ್ನ ಬ್ಯಾಂಕಿನವರು ಕ್ಯಾಶ್ ಫ್ಲೋ ಕೇಳಿರುತ್ತಾರೆ. ಕಾರ್ಖಾನೆಯ ಮಾಲೀಕರು ಬ್ಯಾಲೆನ್ಸ್ ಶೀಟನ್ನು ಮೇಜಿನ ಮೇಲೆ ಹರಡಿ, ಮೊಬೈಲಿನಲ್ಲಿ ಎರಡು ಫೋಟೋ ತೆಗೆದು ವಾಟ್ಸ್‌ಆ್ಯಪ್ ಮಾಡುತ್ತಾರೆ. ಒಂದರಲ್ಲಿ ಹಾಳೆಯ ತಲೆಬರಹವೇ ಕತ್ತರಿಸಿ ಹೋಗಿದೆ, ಇನ್ನೊಂದರಲ್ಲಿ ಕೈಯ ನೆರಳು ಬಿದ್ದು ಒಂದು ಸಾಲು ಮಸುಕಾಗಿದೆ. ಜೊತೆಗೊಂದು ಸಂದೇಶ: "ಸರ್, ಇದರಲ್ಲೇ ಮಾಡಿಕೊಡಿ, ಸಂಜೆಯೊಳಗೆ ಬೇಕು."

ಸಂಜೆಯೊಳಗೆ ಮಾಡಿಕೊಡುವುದು ಕಷ್ಟವೇನಲ್ಲ. ಆದರೆ ಆ ಎರಡು ಫೋಟೋಗಳಿಂದ ಮಾಡಿದ ಪಟ್ಟಿ ಕೊನೆಯ ಸಾಲಿನಲ್ಲಿ ಪೈಸೆ ಪೈಸೆಗೂ ತಾಳೆಯಾಗಿಯೂ ತಪ್ಪಾಗಿರಬಲ್ಲದು. ಹಾಗೇಕೆ ಎಂದು ತಿಳಿಯಲು ಒಂದು ಲೆಕ್ಕವನ್ನು ಮೊದಲಿನಿಂದ ಕೊನೆಯವರೆಗೆ ಮಾಡಿಯೇ ನೋಡಬೇಕು.

ಹುಬ್ಬಳ್ಳಿಯಲ್ಲಿ ಪಂಪ್‌ಸೆಟ್ಟಿನ ಬಿಡಿಭಾಗ ತಯಾರಿಸುವ ಒಂದು ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿ ಇದೆ ಎಂದಿಟ್ಟುಕೊಳ್ಳೋಣ. 2013ರ ಕಂಪನಿ ಕಾಯ್ದೆ ಹಣಕಾಸು ಪಟ್ಟಿಗಳ ಜೊತೆ ನಗದು ಹರಿವಿನ ಪಟ್ಟಿಯನ್ನೂ ಸೇರಿಸಿದೆ. ಸಣ್ಣ ಕಂಪನಿಗಳಿಗೆ ಅದರಿಂದ ವಿನಾಯಿತಿ ಇರುವುದರಿಂದ ಈ ಕಂಪನಿ ಇದುವರೆಗೆ ಅದನ್ನು ಮಾಡಿಸಿಯೇ ಇಲ್ಲ. ಈಗ ಬ್ಯಾಂಕು ಕೇಳಿದೆ. ಫೋಟೋದಲ್ಲಿ ಕಾಣುವ ಅಂಕಿಗಳು ಇವು, ಎಲ್ಲವೂ ಲಕ್ಷ ರೂಪಾಯಿಗಳಲ್ಲಿ:

| ವಿವರ | 31-3-2024 | 31-3-2023 |
|---|---|---|
| ಷೇರು ಬಂಡವಾಳ | 60 | 50 |
| ಮೀಸಲು ಮತ್ತು ಮಿಗತೆ | 48 | 34 |
| ಬ್ಯಾಂಕ್ ಟರ್ಮ್ ಲೋನ್ | 40 | 52 |
| ಸರಕು ಕೊಟ್ಟವರಿಗೆ ಕೊಡಬೇಕಾದ ಬಾಕಿ | 31 | 26 |
| ಆದಾಯ ತೆರಿಗೆಗೆ ತೆಗೆದಿಟ್ಟದ್ದು | 9 | 7 |
| ಒಟ್ಟು | 188 | 169 |
| ಕಟ್ಟಡ, ಯಂತ್ರೋಪಕರಣ (ಸವಕಳಿ ಕಳೆದು) | 98 | 83 |
| ದಾಸ್ತಾನು | 42 | 35 |
| ಗ್ರಾಹಕರಿಂದ ಬರಬೇಕಾದ ಬಾಕಿ | 39 | 29 |
| ನಗದು ಮತ್ತು ಬ್ಯಾಂಕ್ ಶಿಲ್ಕು | 9 | 22 |
| ಒಟ್ಟು | 188 | 169 |

ಫೋಟೋ ನೋಡಿ ಅಂಕಿ ಇಳಿಸಿಕೊಂಡ ಕೂಡಲೇ ಮಾಡಬೇಕಾದ ಕೆಲಸ ಎಂದರೆ ಒಟ್ಟು ಕೂಡುವುದು. ಹಾಳೆಯಲ್ಲಿ ಅಚ್ಚಾದ ಒಟ್ಟನ್ನು ನೋಡಿ ಬರೆದುಕೊಂಡರೆ ಉಪಯೋಗವಿಲ್ಲ, ತಾನು ಇಳಿಸಿಕೊಂಡ ಅಂಕಿಗಳನ್ನು ಹೊಸದಾಗಿ ಕೂಡಿ ಅಚ್ಚಾದ ಒಟ್ಟಿನ ಪಕ್ಕ ಇಡಬೇಕು. ಮಸುಕಾದ ಫೋಟೋದಲ್ಲಿ 8 ಮತ್ತು 3 ಒಂದೇ ಥರ ಕಾಣುತ್ತವೆ. ಮೀಸಲಿನ 48ನ್ನು 43 ಎಂದು ಓದಿದ್ದರೆ ಕೂಡಿದ ಒಟ್ಟು 183 ಬರುತ್ತದೆ, ಹಾಳೆ 188 ಎನ್ನುತ್ತದೆ. ವ್ಯತ್ಯಾಸ 5. ಆಗ ಫೋಟೋ ದೊಡ್ಡದು ಮಾಡಿ 3 ಮತ್ತು 8 ಇರುವ ಅಂಕಿಗಳನ್ನು ಮಾತ್ರ ಮತ್ತೊಮ್ಮೆ ನೋಡಿದರೆ ಸಾಕು, ತಪ್ಪು ಸಿಕ್ಕಿಬಿಡುತ್ತದೆ. 39ನ್ನು 93 ಎಂದು ತಿರುವುಮುರುವಾಗಿ ಬರೆದಿದ್ದರೆ ವ್ಯತ್ಯಾಸ 54 ಆಗುತ್ತದೆ. ವ್ಯತ್ಯಾಸವು 9ರಿಂದ ನಿಶ್ಶೇಷವಾಗಿ ಭಾಗವಾದರೆ ಎಲ್ಲೋ ಎರಡು ಅಂಕಿ ಅದಲುಬದಲಾಗಿರಬಹುದು ಎಂಬುದು ಹಳೆಯ ಗುಮಾಸ್ತರು ಕೈಲೆಕ್ಕದ ಕಾಲದಿಂದ ಬಳಸಿಕೊಂಡು ಬಂದ ಪರೀಕ್ಷೆ. ಮೊಬೈಲ್ ಫೋಟೋಗೆ ಅದು ಇನ್ನೂ ಚೆನ್ನಾಗಿ ಹೊಂದುತ್ತದೆ.

ಇನ್ನೊಂದು ಕಡೆ ಕಣ್ಣಿಡಬೇಕು. ಕಂಪನಿ ಕಾಯ್ದೆಯ 3ನೇ ಅನುಸೂಚಿಯಂತೆ ಅಚ್ಚಾದ ಬ್ಯಾಲೆನ್ಸ್ ಶೀಟಿನಲ್ಲಿ ವಿವರಕ್ಕೂ ಮೊತ್ತಕ್ಕೂ ನಡುವೆ ಟಿಪ್ಪಣಿ ಸಂಖ್ಯೆಯ ಸಣ್ಣ ಅಂಕಣವಿರುತ್ತದೆ. ಓರೆಯಾಗಿ ತೆಗೆದ ಫೋಟೋದಲ್ಲಿ ಆ ಸಂಖ್ಯೆ ಮೊತ್ತಕ್ಕೆ ಅಂಟಿಕೊಂಡಂತೆ ಕಾಣುತ್ತದೆ, 6ನೇ ಟಿಪ್ಪಣಿಯ 42 ಲಕ್ಷ 642 ಆಗುತ್ತದೆ. ಒಟ್ಟು ಕೂಡಿದರೆ ಇದೂ ತಕ್ಷಣ ಬಯಲಾಗುತ್ತದೆ.

ಅಂಕಿಗಳು ಸರಿ ಎಂದಾದ ಮೇಲೆ ವ್ಯತ್ಯಾಸ ತೆಗೆಯುವುದು. ನಗದನ್ನು ಬಿಟ್ಟು ಉಳಿದ ಪ್ರತಿ ಸಾಲಿನಲ್ಲೂ ವರ್ಷದಲ್ಲಿ ಎಷ್ಟು ಏರಿತು, ಎಷ್ಟು ಇಳಿಯಿತು ಎಂದು ಬರೆಯಬೇಕು. ಬಂಡವಾಳ ಮತ್ತು ಹೊಣೆಗಳ ಕಡೆ 10, 14 ಮತ್ತು 5 ಲಕ್ಷದ ಏರಿಕೆ, ಸಾಲದಲ್ಲಿ 12 ಲಕ್ಷದ ಇಳಿಕೆ, ತೆರಿಗೆ ಬಾಕಿಯಲ್ಲಿ 2 ಲಕ್ಷದ ಏರಿಕೆ. ಒಟ್ಟಾರೆ 19 ಲಕ್ಷ ಬಂದಂತಾಯಿತು. ಆಸ್ತಿಗಳ ಕಡೆ 15, 7 ಮತ್ತು 10 ಸೇರಿ 32 ಲಕ್ಷ ಹೋಗಿ ಕೂತಿದೆ. 19ರಲ್ಲಿ 32 ಕಳೆದರೆ 13 ಲಕ್ಷ ಕೊರತೆ. ನಗದು 22ರಿಂದ 9ಕ್ಕೆ ಇಳಿದಿರುವುದೂ ಸರಿಯಾಗಿ 13 ಲಕ್ಷವೇ.

ಇಲ್ಲಿಗೇ ಬಹಳ ಜನ ನಿಟ್ಟುಸಿರು ಬಿಟ್ಟು, ಈ ವ್ಯತ್ಯಾಸಗಳನ್ನೇ ಮೂರು ತಲೆಬರಹಗಳ ಕೆಳಗೆ ಹಂಚಿ ಮುಗಿಸುತ್ತಾರೆ. ತಾಳೆಯಾಯಿತಲ್ಲ! ಆದರೆ ಬ್ಯಾಲೆನ್ಸ್ ಶೀಟಿನ ಎರಡೂ ಕಡೆ ಸಮ ಇರುವವರೆಗೆ ಈ ತಾಳೆ ಬಾರದೇ ಇರಲು ಸಾಧ್ಯವೇ ಇಲ್ಲ. ಅಂಕಿಗಳನ್ನು ಸರಿಯಾಗಿ ಓದಿದ್ದೇವೆ ಎಂಬುದಕ್ಕೆ ಮಾತ್ರ ಅದು ಸಾಕ್ಷಿ. ದುಡ್ಡು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂಬುದರ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ತಪ್ಪು ಪಟ್ಟಿ ಹೇಗಿರುತ್ತದೆ ನೋಡಿ. ತೆರಿಗೆಗೆ ಮುಂಚಿನ ಲಾಭ 28 ಲಕ್ಷ ಎಂದು ಮಾಲೀಕರು ಫೋನಿನಲ್ಲಿ ಹೇಳಿದ್ದಾರೆ. ವರ್ಷದಲ್ಲಿ 5 ಲಕ್ಷ ಬಡ್ಡಿ, 8 ಲಕ್ಷ ತೆರಿಗೆ, 4 ಲಕ್ಷ ಲಾಭಾಂಶ ಕಟ್ಟಿದ್ದೇವೆ ಎಂದೂ ಹೇಳಿದ್ದಾರೆ. ಲಾಭಕ್ಕೆ ಬಡ್ಡಿ ಕೂಡಿ, ದಾಸ್ತಾನು ಮತ್ತು ಬಾಕಿಗಳ ಏರಿಳಿತ ಸರಿಪಡಿಸಿ, ತೆರಿಗೆ ಕಳೆದರೆ ವ್ಯವಹಾರದಿಂದ 13 ಲಕ್ಷ ನಗದು ಬಂದಂತೆ ಕಾಣುತ್ತದೆ. ಯಂತ್ರೋಪಕರಣ 83ರಿಂದ 98ಕ್ಕೆ ಏರಿದೆ, ಹಾಗಾಗಿ ಹೂಡಿಕೆಗೆ ಹೋದದ್ದು 15. ಷೇರಿನಿಂದ 10 ಬಂದು, ಸಾಲಕ್ಕೆ 12, ಬಡ್ಡಿಗೆ 5, ಲಾಭಾಂಶಕ್ಕೆ 4 ಹೋಗಿ, ಹಣಕಾಸು ಭಾಗದಲ್ಲಿ 11 ಕೊರತೆ. 13ರಲ್ಲಿ 15 ಕಳೆದು, ಮತ್ತೆ 11 ಕಳೆದರೆ ಬರುವುದು ಕೊರತೆ 13 ಲಕ್ಷ. ಕೊನೆಯ ಸಾಲು ತಾಳೆಯಾಗಿದೆ, ಮೊದಲೆರಡು ಭಾಗಗಳು ಮಾತ್ರ ತಪ್ಪು.

ಸರಿಯಾದ ಉತ್ತರ ಫೋಟೋ ತೆಗೆಯದೆ ಬಿಟ್ಟ ಪುಟದಲ್ಲಿದೆ. ಬ್ಯಾಲೆನ್ಸ್ ಶೀಟಿನ ಹಿಂದೆ ಸ್ಥಿರಾಸ್ತಿಗಳ ಟಿಪ್ಪಣಿ ಇರುತ್ತದೆ: ವರ್ಷದ ಆರಂಭದಲ್ಲಿ ಎಷ್ಟಿತ್ತು, ಎಷ್ಟು ಸೇರಿತು, ಎಷ್ಟು ಮಾರಿದರು, ಎಷ್ಟು ಸವಕಳಿ ಹಾಕಿದರು ಎಂಬ ಅಗಲವಾದ ಕೋಷ್ಟಕ. ಅಡ್ಡಡ್ಡ ಅಚ್ಚಾಗಿರುವ ಕಾರಣ ಒಂದೇ ಫೋಟೋದಲ್ಲಿ ಹಿಡಿಸುವುದಿಲ್ಲ, ಅದಕ್ಕೇ ಬಹುತೇಕ ಅದನ್ನು ಬಿಟ್ಟುಬಿಡುತ್ತಾರೆ. ಕೇಳಿ ತರಿಸಿಕೊಂಡಾಗ ಎರಡು ವಿಷಯ ಗೊತ್ತಾಯಿತು. ವರ್ಷದ ಸವಕಳಿ 12 ಲಕ್ಷ. ಪುಸ್ತಕದಲ್ಲಿ 5 ಲಕ್ಷ ಬೆಲೆಯಿದ್ದ ಹಳೆಯ ಲೇತ್ ಯಂತ್ರವನ್ನು ವರ್ಷದ ನಡುವೆ ಮಾರಲಾಗಿದೆ. ಲಾಭ-ನಷ್ಟದ ಪಟ್ಟಿಯ ಇತರ ಆದಾಯದಲ್ಲಿ ಆ ಮಾರಾಟದಿಂದ ಬಂದ 2 ಲಕ್ಷ ಲಾಭ ಕಾಣುತ್ತದೆ. ಅಂದರೆ ಯಂತ್ರ ಮಾರಿ ಕೈಗೆ ಬಂದದ್ದು 7 ಲಕ್ಷ.

ಈಗ ಯಂತ್ರೋಪಕರಣದ ಖಾತೆಯನ್ನು ಚೀಟಿಯ ಮೇಲೆ ಬರೆಯಬೇಕು. ಆರಂಭದಲ್ಲಿ 83. ಸವಕಳಿ 12 ಹೋಯಿತು, ಮಾರಿದ್ದು 5 ಹೋಯಿತು, ಉಳಿದದ್ದು 66. ವರ್ಷದ ಕೊನೆಗೆ 98 ಇದೆ. ನಡುವಿನ 32 ಲಕ್ಷ ಹೊಸದಾಗಿ ಕೊಂಡದ್ದು. ತಪ್ಪು ಪಟ್ಟಿ 15 ಎಂದದ್ದನ್ನು ನೆನೆಸಿಕೊಂಡರೆ ಕಂಪನಿ ಯಂತ್ರಕ್ಕೆ ಸುರಿದ ದುಡ್ಡಿನ ಅರ್ಧಕ್ಕಿಂತ ಹೆಚ್ಚು ಭಾಗ ಅದರಲ್ಲಿ ಮರೆಯಾಗಿತ್ತು.

ತೆರಿಗೆಯನ್ನೂ ಹೀಗೇ ಪರೀಕ್ಷಿಸಬೇಕು, ಮಾಲೀಕರ ಮಾತನ್ನು ನಂಬಿ ಬರೆಯಬಾರದು. ಆರಂಭದ ಬಾಕಿ 7, ಈ ವರ್ಷದ ಲಾಭಕ್ಕೆ ತೆಗೆದಿಟ್ಟದ್ದು 10, ಕೊನೆಗೆ ಉಳಿದ ಬಾಕಿ 9. ಕಟ್ಟಿದ್ದು 8 ಲಕ್ಷವೇ. ಮೀಸಲು 34ರಿಂದ 48ಕ್ಕೆ ಏರಿದೆ, 14 ಹೆಚ್ಚು. ಅದಕ್ಕೆ ಹಂಚಿದ ಲಾಭಾಂಶ 4 ಕೂಡಿದರೆ ತೆರಿಗೆಯ ನಂತರದ ಲಾಭ 18, ಅದಕ್ಕೆ ತೆರಿಗೆ 10 ಕೂಡಿದರೆ 28. ಫೋನಿನಲ್ಲಿ ಹೇಳಿದ ಅಂಕಿಗೆ ಈಗ ಕಾಗದದ ಆಧಾರ ಸಿಕ್ಕಿತು.

ಇನ್ನು ಪಟ್ಟಿ. ಪರೋಕ್ಷ ವಿಧಾನ ಶುರುವಾಗುವುದೇ ಲಾಭದಿಂದ. ಗ್ರಾಹಕರಿಂದ ಎಷ್ಟು ಬಂತು, ಸರಕಿಗೆ ಎಷ್ಟು ಕೊಟ್ಟೆವು ಎಂದು ಒಂದೊಂದಾಗಿ ಎಣಿಸುವುದು ಪ್ರತ್ಯಕ್ಷ ವಿಧಾನ, ಅದಕ್ಕೆ ಕ್ಯಾಶ್ ಬುಕ್ಕೇ ಬೇಕು. ಪರೋಕ್ಷ ವಿಧಾನದಲ್ಲಿ ಲಾಭವನ್ನು ಇಟ್ಟುಕೊಂಡು, ಅದರಲ್ಲಿ ದುಡ್ಡಲ್ಲದ್ದು ಯಾವುದು, ಬೇರೆ ಭಾಗಕ್ಕೆ ಸೇರಿದ್ದು ಯಾವುದು ಎಂದು ಹೆಕ್ಕುತ್ತಾ ಹೋಗುತ್ತಾರೆ. ಭಾರತೀಯ ಚಾರ್ಟರ್ಡ್ ಅಕೌಂಟೆಂಟ್ಸ್ ಸಂಸ್ಥೆಯ 3ನೇ ಲೆಕ್ಕಪತ್ರ ಮಾನದಂಡ, ಅಂದರೆ ಎ.ಎಸ್. 3, ಎರಡೂ ವಿಧಾನಗಳನ್ನು ಒಪ್ಪುತ್ತದೆ. ಷೇರುಪೇಟೆಯಲ್ಲಿ ನೋಂದಾಯಿತ ಕಂಪನಿಗಳು ಪರೋಕ್ಷ ವಿಧಾನವನ್ನೇ ಬಳಸಬೇಕೆಂದು ಸೆಬಿ ನಿಯಮವಿದೆ. ಹಾಗಾಗಿ ಪತ್ರಿಕೆಗಳಲ್ಲಿ, ವಾರ್ಷಿಕ ವರದಿಗಳಲ್ಲಿ ಓದುಗರ ಕಣ್ಣಿಗೆ ಬೀಳುವುದು ಇದೇ.

ತೆರಿಗೆಗೆ ಮುಂಚಿನ ಲಾಭ 28. ಸವಕಳಿ 12 ಕೂಡಬೇಕು: ಲಾಭ ತೆಗೆಯುವಾಗ ಅದನ್ನು ಖರ್ಚೆಂದು ಕಳೆದಿದ್ದರೂ ಆ ವರ್ಷ ಯಾರ ಕೈಗೂ ಅದರ ದುಡ್ಡು ಹೋಗಿಲ್ಲ. ಬಡ್ಡಿ 5 ಕೂಡಬೇಕು, ದುಡ್ಡು ಹೋಗಿದ್ದರೂ ಅದರ ಜಾಗ ಹಣಕಾಸು ಭಾಗದಲ್ಲಿ. ಲೇತ್ ಮಾರಿದ ಲಾಭ 2 ಕಳೆಯಬೇಕು, ಏಕೆಂದರೆ ಮಾರಾಟದ ಪೂರ್ತಿ 7 ಲಕ್ಷ ಹೂಡಿಕೆ ಭಾಗದಲ್ಲಿ ಬರುತ್ತದೆ, ಇಲ್ಲೂ ಬಿಟ್ಟರೆ ಎರಡು ಸಲ ಎಣಿಸಿದಂತೆ. ಈಗ 43. ದಾಸ್ತಾನು 7 ಹೆಚ್ಚಿದೆ, ಗ್ರಾಹಕರ ಬಾಕಿ 10 ಹೆಚ್ಚಿದೆ, ಎರಡನ್ನೂ ಕಳೆಯಬೇಕು. ಸರಕು ಕೊಟ್ಟವರಿಗೆ ಕೊಡದೆ ಉಳಿಸಿಕೊಂಡ 5 ಕೂಡಬೇಕು. 31 ಆಯಿತು. ಕಟ್ಟಿದ ತೆರಿಗೆ 8 ಹೋಗಿ ವ್ಯವಹಾರದಿಂದ ಬಂದ ನಿವ್ವಳ ನಗದು 23 ಲಕ್ಷ.

ಹೂಡಿಕೆ ಭಾಗದಲ್ಲಿ 32 ಹೋಗಿ 7 ಬಂದು, 25 ಕೊರತೆ. ಹಣಕಾಸು ಭಾಗ ಆಗಲೇ ನೋಡಿದ ಹಾಗೆ 11 ಕೊರತೆ. 23ರಲ್ಲಿ 25 ಮತ್ತು 11 ಕಳೆದರೆ ಮತ್ತದೇ 13 ಲಕ್ಷ ಕೊರತೆ.

ಎರಡೂ ಪಟ್ಟಿಗಳ ಕೊನೆ ಒಂದೇ, ಆದರೆ ಬ್ಯಾಂಕಿನ ಅಧಿಕಾರಿಗೆ ಅವು ಎರಡು ಬೇರೆ ಕಂಪನಿಗಳ ಕಥೆ ಹೇಳುತ್ತವೆ. ಮೊದಲನೆಯದು ನೋಡಿದರೆ ವ್ಯವಹಾರ ವರ್ಷಕ್ಕೆ 13 ಲಕ್ಷ ತರುತ್ತದೆ, ಸಾಲದ ಕಂತು ಮತ್ತು ಬಡ್ಡಿಯೇ 17 ಲಕ್ಷ. ಇವರಿಗೆ ಇನ್ನಷ್ಟು ಸಾಲ ಕೊಡಬಾರದು ಎನಿಸುತ್ತದೆ. ಎರಡನೆಯದರಲ್ಲಿ ವ್ಯವಹಾರ 23 ಲಕ್ಷ ತರುತ್ತಿದೆ, ಕಂತು-ಬಡ್ಡಿ ಕಟ್ಟಿಯೂ 6 ಲಕ್ಷ ಉಳಿಯುತ್ತದೆ. ಖಾತೆ ಬರಿದಾದದ್ದು ಮುಖ್ಯವಾಗಿ 32 ಲಕ್ಷದ ಯಂತ್ರಕ್ಕೆ ಹೊಸ ಸಾಲ ಮಾಡದೆ ಕೈಯಿಂದಲೇ ದುಡ್ಡು ಹಾಕಿದ್ದರಿಂದ. ಸಾಲದ ಅರ್ಜಿಯ ಗತಿಯೇ ಬದಲಾಗುವಷ್ಟು ದೊಡ್ಡ ವ್ಯತ್ಯಾಸ ಒಂದು ಪುಟದ ಫೋಟೋದಲ್ಲಿತ್ತು.

ಬ್ಯಾಲೆನ್ಸ್ ಶೀಟಿನ ನಿವ್ವಳ ವ್ಯತ್ಯಾಸಗಳು ಇನ್ನೂ ಕೆಲವು ಕಡೆ ಹೀಗೇ ಮರೆಮಾಚುತ್ತವೆ. ಷೇರು ಬಂಡವಾಳ 10 ಲಕ್ಷ ಏರಿದ ಮಾತ್ರಕ್ಕೆ ದುಡ್ಡು ಬಂದಿದೆ ಎನ್ನಲಾಗದು. ಮೀಸಲಿನಿಂದ ಬೋನಸ್ ಷೇರು ಕೊಟ್ಟಿದ್ದರೂ ಬಂಡವಾಳ ಅಷ್ಟೇ ಏರುತ್ತದೆ, ಒಂದು ರೂಪಾಯಿಯೂ ಬರುವುದಿಲ್ಲ. ಹಾಗಾಗಿದ್ದರೆ ಮೀಸಲಿನ ಟಿಪ್ಪಣಿಯಲ್ಲಿ 10 ಲಕ್ಷ ಕಳೆದದ್ದು ಕಾಣುತ್ತದೆ. ಸಾಲ 12 ಲಕ್ಷ ಇಳಿದಿರುವುದು 12 ಕಟ್ಟಿದ್ದರಿಂದ ಇರಬಹುದು, 20 ಕಟ್ಟಿ ಹೊಸದಾಗಿ 8 ತೆಗೆದಿದ್ದರಿಂದಲೂ ಇರಬಹುದು. ಟರ್ಮ್ ಲೋನಿನಲ್ಲಿ ತೆಗೆದದ್ದು, ಕಟ್ಟಿದ್ದು ಎರಡನ್ನೂ ಬೇರೆ ಬೇರೆ ತೋರಿಸಬೇಕೆಂದು ಎ.ಎಸ್. 3 ಹೇಳುತ್ತದೆ. ಸಾಲದ ಖಾತೆಯ ಸ್ಟೇಟ್‌ಮೆಂಟ್ ಇಲ್ಲದೆ ಇದು ತಿಳಿಯದು.

ವ್ಯವಹಾರದ ಭಾಗದಲ್ಲಿ ಗ್ರಾಹಕರ ಬಾಕಿಯ 10 ಲಕ್ಷವನ್ನು ಸುಮ್ಮನೆ ಕಳೆದು ಮುಂದೆ ಹೋಗುವ ಹಾಗೂ ಇಲ್ಲ. 29ರಿಂದ 39ಕ್ಕೆ, ಒಂದೇ ವರ್ಷದಲ್ಲಿ ಮೂರನೇ ಒಂದು ಭಾಗದಷ್ಟು ಏರಿಕೆ. ಮಾರಾಟ ಅಷ್ಟೇ ಪ್ರಮಾಣದಲ್ಲಿ ಏರಿದ್ದರೆ ಅದು ಸಹಜ. ಏರದಿದ್ದರೆ ವಸೂಲಿ ನಿಧಾನವಾಗಿದೆ ಎಂದರ್ಥ. ಅಮೆರಿಕದಲ್ಲಿ ಸಾವಿರಕ್ಕೂ ಹೆಚ್ಚು ಅಂಗಡಿಗಳಿದ್ದ ಡಬ್ಲ್ಯು.ಟಿ. ಗ್ರಾಂಟ್ ಎಂಬ ಕಂಪನಿ 1975ರ ಅಕ್ಟೋಬರಿನಲ್ಲಿ ದಿವಾಳಿಗೆ ಅರ್ಜಿ ಹಾಕಿತು. ಅದಕ್ಕೂ ಎರಡು ವರ್ಷ ಹಿಂದಿನವರೆಗೂ ಅದು ಲಾಭ ತೋರಿಸುತ್ತಲೇ ಇತ್ತು. 1980ರಲ್ಲಿ ಜೇಮ್ಸ್ ಲಾರ್ಗೆ ಮತ್ತು ಕ್ಲೈಡ್ ಸ್ಟಿಕ್ನಿ ಎಂಬ ಇಬ್ಬರು ಅಧ್ಯಾಪಕರು ಅದರ ಹಳೆಯ ಪಟ್ಟಿಗಳನ್ನು ತೆಗೆದು ವ್ಯವಹಾರದಿಂದ ಬಂದ ನಗದನ್ನು ಲೆಕ್ಕ ಹಾಕಿದರು. ಲಾಭದ ಅಂಕಿ ನೆಟ್ಟಗಿದ್ದ ವರ್ಷಗಳಲ್ಲೇ ನಗದು ಬರುವ ಬದಲು ಹೊರಗೆ ಹರಿಯುತ್ತಿತ್ತು. ಗ್ರಾಹಕರಿಗೆ ಕೊಟ್ಟ ಸಾಲ ಮತ್ತು ದಾಸ್ತಾನು ಅದನ್ನು ನುಂಗುತ್ತಿದ್ದವು. ಆಗ ಅಲ್ಲಿ ನಗದು ಹರಿವಿನ ಪಟ್ಟಿ ಕಡ್ಡಾಯವಾಗಿರಲಿಲ್ಲ. ಆ ಮಾನದಂಡ ಬಂದದ್ದು 1987ರಲ್ಲಿ. ಈ ಬಗೆಯ ಸೋರಿಕೆ ಪರೋಕ್ಷ ವಿಧಾನದಲ್ಲಿ ಚೆನ್ನಾಗಿ ಕಾಣುತ್ತದೆ: ಲಾಭ ಮೇಲಿನ ಸಾಲಿನಲ್ಲಿ, ಅದನ್ನು ತಿನ್ನುತ್ತಿರುವ ಬಾಕಿ ಕೆಳಗಿನ ಸಾಲಿನಲ್ಲಿ, ಎರಡೂ ಒಂದೇ ಪುಟದಲ್ಲಿ.

ಫೋಟೋದಿಂದ ಆಗುವ ಅತಿ ದೊಡ್ಡ ಅನಾಹುತ ಇನ್ನೊಂದಿದೆ, ಅದೂ ತಾಳೆಯಾಗುತ್ತದೆ. ಕತ್ತರಿಸಿ ಹೋದ ತಲೆಬರಹದಲ್ಲಿ ದಿನಾಂಕಗಳಿದ್ದವು. ಕಂಪನಿಗಳ ಬ್ಯಾಲೆನ್ಸ್ ಶೀಟಿನಲ್ಲಿ ಈ ವರ್ಷದ ಅಂಕಣ ಮೊದಲು, ಕಳೆದ ವರ್ಷದ್ದು ನಂತರ. ಪಠ್ಯಪುಸ್ತಕಗಳ ಎಷ್ಟೋ ಹಳೆಯ ಲೆಕ್ಕಗಳಲ್ಲಿ ಇದು ತಿರುಗುಮುರುಗು. ಆ ಅಭ್ಯಾಸದ ಕಣ್ಣಿನಿಂದ ಅಂಕಣಗಳನ್ನು ಅದಲುಬದಲು ಓದಿದರೆ ಪ್ರತಿ ವ್ಯತ್ಯಾಸದ ಚಿಹ್ನೆಯೂ ತಿರುಗುತ್ತದೆ, ಕೊರತೆ 13 ಲಕ್ಷ ಹೋಗಿ ಹೆಚ್ಚಳ 13 ಲಕ್ಷ ಆಗುತ್ತದೆ. ಒಟ್ಟು ಕೂಡಿ ನೋಡಿದರೆ ಈ ತಪ್ಪು ಸಿಗುವುದಿಲ್ಲ. ಮೀಸಲಿನ ಟಿಪ್ಪಣಿ ನೋಡಿದರೆ ಸಿಗುತ್ತದೆ: ಅಲ್ಲಿ ಆರಂಭದ ಶಿಲ್ಕು 34, ಈ ವರ್ಷದ ಲಾಭ ಕೂಡಿ, ಲಾಭಾಂಶ ಕಳೆದು ಕೊನೆಯ ಶಿಲ್ಕು 48 ಎಂದಿರುತ್ತದೆ. ಆರಂಭದ ಅಂಕಿ ಯಾವ ಅಂಕಣದಲ್ಲಿದೆಯೋ ಅದೇ ಕಳೆದ ವರ್ಷ. ತಲೆಬರಹದ ಜೊತೆಗೆ "ಲಕ್ಷ ರೂಪಾಯಿಗಳಲ್ಲಿ" ಅಥವಾ "ಸಾವಿರ ರೂಪಾಯಿಗಳಲ್ಲಿ" ಎಂಬ ಸಣ್ಣ ಸಾಲೂ ಹೋಗಿರುತ್ತದೆ, ಅದನ್ನೂ ಕೇಳಿಕೊಳ್ಳಬೇಕು.

ಹೀಗಾಗಿ ಫೋಟೋ ಕಳಿಸುವವರಿಗೆ ಕೇಳಬೇಕಾದದ್ದು ಸ್ಪಷ್ಟ. ಹಾಳೆಯ ನಾಲ್ಕೂ ಮೂಲೆ ಕಾಣುವಂತೆ, ನೇರ ಮೇಲಿನಿಂದ, ಫ್ಲ್ಯಾಶ್ ಹಾಕದೆ ಕಿಟಕಿಯ ಬೆಳಕಿನಲ್ಲಿ ತೆಗೆಯಬೇಕು. ಹೊಲಿದ ವರದಿಯಾದರೆ ನಡುವಿನ ಮಡಿಕೆಯಲ್ಲಿ ಅಂಕಣ ಬಾಗುತ್ತದೆ, ಪುಟವನ್ನು ಒತ್ತಿ ಹಿಡಿಯಬೇಕು. ಫೋಟೋವನ್ನು ಸುಮ್ಮನೆ ಕಳಿಸಿದರೆ ವಾಟ್ಸ್‌ಆ್ಯಪ್ ಅದನ್ನು ಕುಗ್ಗಿಸುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಅಂಕಿ ಅಂಚು ಕಟ್ಟಿದ ಹಾಗೆ ಉಳಿಯುತ್ತದೆ. ಬ್ಯಾಲೆನ್ಸ್ ಶೀಟಿನ ಜೊತೆ ಲಾಭ-ನಷ್ಟದ ಪಟ್ಟಿ, ಮೀಸಲು, ಸಾಲ ಮತ್ತು ಸ್ಥಿರಾಸ್ತಿಗಳ ಟಿಪ್ಪಣಿ ಬೇಕೇ ಬೇಕು.

ನಗದಿನ ಟಿಪ್ಪಣಿಯನ್ನೂ ಬಿಡುವಂತಿಲ್ಲ. ಬ್ಯಾಲೆನ್ಸ್ ಶೀಟಿನಲ್ಲಿ "ನಗದು ಮತ್ತು ಬ್ಯಾಂಕ್ ಶಿಲ್ಕು" ಎಂಬ ಒಂದೇ ಸಾಲಿನ ಕೆಳಗೆ ಕರೆಂಟ್ ಖಾತೆಯ ದುಡ್ಡೂ ಇರುತ್ತದೆ, ಬ್ಯಾಂಕ್ ಗ್ಯಾರಂಟಿಗೆ ಒತ್ತೆಯಿಟ್ಟ ಡಿಪಾಸಿಟ್ಟೂ ಇರುತ್ತದೆ. ಎ.ಎಸ್. 3ರ ಪ್ರಕಾರ ಕೊಂಡಾಗಿನಿಂದ ಸುಮಾರು ಮೂರು ತಿಂಗಳೊಳಗೆ ಅವಧಿ ಮುಗಿದು ಸುಲಭವಾಗಿ ದುಡ್ಡಾಗುವಂಥವು ಮಾತ್ರ ನಗದಿಗೆ ಸಮಾನ. ಈ ಕಂಪನಿಯ 9 ಲಕ್ಷದಲ್ಲಿ 3 ಲಕ್ಷ ಅಂಥ ಒತ್ತೆಯ ಡಿಪಾಸಿಟ್ ಆಗಿದ್ದು, ಹಿಂದಿನ ವರ್ಷ ಅದು ಇರದಿದ್ದರೆ, ನಗದು ಇಳಿದದ್ದು 16 ಲಕ್ಷ. ಆ 3 ಲಕ್ಷ ಹೂಡಿಕೆ ಭಾಗಕ್ಕೆ ಹೋಗಬೇಕು.

ಇಷ್ಟೆಲ್ಲ ಸರಿಯಾದರೂ ಪಟ್ಟಿ ನಿಂತಿರುವುದು ಆ ಒಂದು ಅಂಕಿಯ ಮೇಲೆ. 2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ಸ್ ಅಧ್ಯಕ್ಷ ರಾಮಲಿಂಗ ರಾಜು ಬರೆದ ಪತ್ರದಲ್ಲಿ, ಪುಸ್ತಕದಲ್ಲಿ ತೋರಿಸಿದ್ದ 5,361 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇಲ್ಲವೇ ಇಲ್ಲ ಎಂದಿತ್ತು. ಶಿಲ್ಕೇ ಸುಳ್ಳಾದಾಗ ಅದಕ್ಕೆ ತಾಳೆಯಾಗುವ ಪಟ್ಟಿಯನ್ನು ಬರೆಯುವುದು ಯಾರಿಗೂ ಕಷ್ಟವಲ್ಲ. ಅದಕ್ಕೇ ಅನುಭವಸ್ಥ ಲೆಕ್ಕಿಗರು ತರಿಸಿಕೊಳ್ಳುವ ಫೋಟೋಗಳಲ್ಲಿ ಮಾರ್ಚ್ 31ರ ಬ್ಯಾಂಕ್ ಸ್ಟೇಟ್‌ಮೆಂಟ್ ಪುಟವೂ ಇರುತ್ತದೆ. ಏಪ್ರಿಲಿನ ಮೊದಲ ಹದಿನೈದು ದಿನದ ಪುಟವನ್ನೂ ಕೇಳುತ್ತಾರೆ: ಮಾರ್ಚ್ ಕೊನೆಗೆ ಪುಸ್ತಕದಲ್ಲಿ ಜಮೆಯಾಗಿ ಬ್ಯಾಂಕಿನಲ್ಲಿ ಇನ್ನೂ ಆಗಿರದ ಚೆಕ್ಕುಗಳು ಆ ದಿನಗಳಲ್ಲಿ ನಿಜವಾಗಿ ಪಾಸಾದವೇ ಎಂಬುದು ಅಲ್ಲಿ ಸಿಗುತ್ತದೆ.